ಆವಿಗೆಯಲ್ಲಿ ಬೆಂದು ಬಂದ ಮಡಕೆ ಗ್ಯಾಸ್ ಒಲೆಯ ಮೇಲೆ ಏಕೆ ಸೀಳುತ್ತದೆ?

ಸಂತೆಯಿಂದ ಹೊಸ ಮಣ್ಣಿನ ಗಡಿಗೆ ತಂದೆವು. ಮಾರಿದವರು ಹೇಳಿದಂತೆ ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟೆವು. ಬೆಳಿಗ್ಗೆ ತೆಗೆದು, ಬಟ್ಟೆಯಿಂದ ಒರೆಸಿ, ತಳದಲ್ಲಿ ನಾಲ್ಕು ಬೆರಳಷ್ಟು ನೀರು ಹಾಕಿ, ಬೇಳೆ ಬೇಯಿಸಲೆಂದು ಗ್ಯಾಸ್ ಒಲೆಯ ದೊಡ್ಡ ಬರ್ನರ್ ಮೇಲೆ ಇಟ್ಟು ಉರಿ ಪೂರ್ತಿ ತಿರುಗಿಸಿದೆವು. ಐದು ನಿಮಿಷ ಆಗಿತ್ತೋ ಇಲ್ಲವೋ, ‘ಟಕ್’ ಎಂಬ ಸದ್ದು ಕೇಳಿಸಿತು. ನೋಡಿದರೆ ಬಾಯಿಯ ಅಂಚಿನಿಂದ ಕೆಳಕ್ಕೆ ಕೂದಲೆಳೆಯಂಥ ಗೆರೆ. ಅದರಿಂದ ನೀರು ಒಸರಿ ಬರ್ನರ್ ಮೇಲೆ ಚುಯ್ ಎನ್ನತೊಡಗಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನಮ್ಮ ಗಡಿಗೆಗೆ ದೊಣ್ಣೆಯೂ ಬೇಕಾಗಲಿಲ್ಲ.

ಹೀಗಾದಾಗ ಎಲ್ಲರ ಬಾಯಲ್ಲೂ ಬರುವ ಮಾತು, “ಮಡಕೆ ಸರಿಯಾಗಿ ಬೆಂದಿರಲಿಲ್ಲ” ಎಂಬುದು. ಕೆಲವು ಸಲ ಅದು ನಿಜವೂ ಇರಬಹುದು. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಹಳ್ಳಿಯ ಸಾಮಾನ್ಯ ಆವಿಗೆಯಲ್ಲೂ ಮಡಕೆ 700ರಿಂದ 900 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಕಂಡು ಬಂದಿರುತ್ತದೆ. ನಮ್ಮ ಗಡಿಗೆಯೊಳಗಿನ ನೀರು ಇನ್ನೂ ಕುದಿದೇ ಇರಲಿಲ್ಲ. ಅಷ್ಟು ಬಿಸಿಯನ್ನು ತಾಳಿಕೊಂಡ ಮಡಕೆ ಇಷ್ಟಕ್ಕೆ ಏಕೆ ಸೀಳಬೇಕು? ಈ ಪ್ರಶ್ನೆಗೆ ಉತ್ತರ ಗೊತ್ತಾದರೆ, ಮಡಕೆ ಪಳಗಿಸುವುದು, ಉರಿ ಹೊಂದಿಸುವುದು, ತೊಳೆಯುವುದು ಇವುಗಳ ಬಗ್ಗೆ ಇರುವ ನೂರೆಂಟು ಸಲಹೆಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ನಾವೇ ತೀರ್ಮಾನಿಸಬಹುದು.

ಆವಿಗೆಗೂ ಒಲೆಗೂ ಇರುವ ವ್ಯತ್ಯಾಸ

ಆವಿಗೆಯಲ್ಲಿ ಮಡಕೆಯ ಸುತ್ತಲೂ ಬಿಸಿ ಇರುತ್ತದೆ. ಕುಂಬಾರರು ಮೊದಲು ಸಣ್ಣ ಬೆಂಕಿ ಹಾಕಿ, ಹೊಗೆಯಾಡಿಸಿ, ಮಣ್ಣಿನಲ್ಲಿ ಉಳಿದ ತೇವವನ್ನು ಓಡಿಸುತ್ತಾರೆ. ಆಮೇಲೆ ಗಂಟೆಗಟ್ಟಲೆ ಬೆಂಕಿ ಏರಿಸುತ್ತಾರೆ. ಉರಿದು ಮುಗಿದ ಮೇಲೂ ತಕ್ಷಣ ಬಿಚ್ಚುವುದಿಲ್ಲ, ತಾನಾಗಿಯೇ ತಣಿಯಲು ಬಿಡುತ್ತಾರೆ. ಹೀಗಾಗಿ ಮಡಕೆಯ ತಳ, ಹೊಟ್ಟೆ, ಕುತ್ತಿಗೆ, ಬಾಯಿ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಬಿಸಿಯಾಗಿ, ಒಟ್ಟಿಗೇ ಹಿಗ್ಗಿ, ಒಟ್ಟಿಗೇ ತಣಿದು ಕುಗ್ಗುತ್ತವೆ.

ಗ್ಯಾಸ್ ಒಲೆಯಲ್ಲಿ ಆಗುವುದು ಬೇರೆ. ತಳದ ಒಂದು ಬಳೆಯಷ್ಟು ಜಾಗಕ್ಕೆ ಉರಿ ತಾಗುತ್ತದೆ. ಆ ಭಾಗ ಹಿಗ್ಗಲು ನೋಡುತ್ತದೆ. ಬಾಯಿಯ ಅಂಚು ಇನ್ನೂ ತಣ್ಣಗಿದ್ದು ಇದ್ದಲ್ಲೇ ಇರುತ್ತದೆ. ಹಿಗ್ಗಿದ ತಳ, ಹಿಗ್ಗದ ಅಂಚನ್ನು ಒಳಗಿನಿಂದ ಎಳೆದು ಬಿರಿಸಲು ನೋಡುತ್ತದೆ. ಸುಟ್ಟ ಮಣ್ಣಿನ ಗುಣವೇನೆಂದರೆ, ಅದನ್ನು ಅದುಮಿದರೆ ಚೆನ್ನಾಗಿ ತಡೆದುಕೊಳ್ಳುತ್ತದೆ, ಎಳೆದರೆ ಬಹಳ ಬೇಗ ಸೋಲುತ್ತದೆ. ಲೋಹವಾದರೆ ಎಳೆತಕ್ಕೆ ಸ್ವಲ್ಪ ಬಾಗಿ ಹೊಂದಿಕೊಳ್ಳುತ್ತದೆ. ಮಣ್ಣಿಗೆ ಬಾಗುವುದು ಗೊತ್ತಿಲ್ಲ, ಸೀಳುವುದೊಂದೇ ಗೊತ್ತು. ನಮ್ಮ ಗಡಿಗೆಯ ಸೀಳು ಉರಿ ತಾಗಿದ ತಳದಲ್ಲಿ ಹುಟ್ಟದೆ, ಉರಿಯಿಂದ ದೂರವಿದ್ದ ಅಂಚಿನಲ್ಲಿ ಹುಟ್ಟಿದ್ದು ಈ ಕಾರಣದಿಂದಲೇ.

ತಳದ ಬಿಸಿ ಅಂಚಿಗೆ ಬೇಗ ಏರಬಾರದೇಕೆ ಎಂದು ಕೇಳಬಹುದು. ಮಣ್ಣು ಶಾಖವನ್ನು ಸಾಗಿಸುವುದರಲ್ಲಿ ತುಂಬಾ ನಿಧಾನಿ. ಅಲ್ಯೂಮಿನಿಯಂ ಅದಕ್ಕಿಂತ ಸುಮಾರು ಇನ್ನೂರು ಪಟ್ಟು ಚುರುಕು. ಒಂದು ಗೇಣು ಎತ್ತರದ ಮಡಕೆಯಲ್ಲಿ ತಳದ ಬಿಸಿ ಬರೀ ಮಣ್ಣಿನ ಮೂಲಕವೇ ಅಂಚು ತಲುಪಬೇಕೆಂದರೆ ಗಂಟೆಗಟ್ಟಲೆ ಬೇಕು. ನಿಜವಾಗಿ ಅಂಚನ್ನು ಬೆಚ್ಚಗೆ ಮಾಡುವುದು ಮೂರು ಬೇರೆ ಸಂಗತಿಗಳು: ಒಳಗಿನ ನೀರು ಬಿಸಿಯಾಗಿ ಮೇಲಕ್ಕೆ ಬರುವುದು, ಅದರ ಹಬೆ, ಮತ್ತು ಹೊರಗೆ ಮೈಯನ್ನು ಸವರಿಕೊಂಡು ಏರುವ ಬಿಸಿ ಗಾಳಿ. ಮಡಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೋ ಸಾರೋ ಇದ್ದು, ಮೇಲೆ ಮುಚ್ಚಳವಿದ್ದರೆ ಅಂಚು ಬೇಗ ಬೆಚ್ಚಗಾಗುವುದು ಇದಕ್ಕೇ. ನಾವು ನಾಲ್ಕು ಬೆರಳು ನೀರು ಹಾಕಿ, ಮುಚ್ಚಳವನ್ನೂ ಇಡದೆ, ಉರಿಯನ್ನು ಮಾತ್ರ ಜೋರು ಮಾಡಿದ್ದೆವು.

ಅಜ್ಜಿಯ ಕಟ್ಟಿಗೆ ಒಲೆಯಲ್ಲಿ ಮಡಕೆ ವರ್ಷಗಟ್ಟಲೆ ಬಾಳಿದ್ದಕ್ಕೂ ಇದೇ ಕಾರಣ. ಕಟ್ಟಿಗೆ ಬೆಂಕಿ ಹೊತ್ತಿಕೊಳ್ಳುವುದೇ ನಿಧಾನವಾಗಿ. ಹೊತ್ತಿದ ಮೇಲೂ ಅಗಲವಾಗಿ ಹರಡಿ ಮಡಕೆಯ ಹೊಟ್ಟೆಯವರೆಗೂ ಬಿಸಿ ಗಾಳಿ ಏರುತ್ತದೆ. “ಆಗಿನ ಮಣ್ಣು ಗಟ್ಟಿ, ಈಗಿನದು ಕಳಪೆ” ಎನ್ನುವ ಮುನ್ನ ಒಲೆ ಬದಲಾಗಿರುವುದನ್ನೂ ನೆನೆಯಬೇಕು.

ದಪ್ಪ ಮಡಕೆ ಗಟ್ಟಿ ಎಂಬ ನಂಬಿಕೆ

ಇನ್ನೊಂದು ವ್ಯತ್ಯಾಸವೂ ಇದೆ. ಅದು ತಳದ ಹೊರಮೈಗೂ ಒಳಮೈಗೂ ನಡುವಿನದು. ಇದಕ್ಕೊಂದು ಸಣ್ಣ ಲೆಕ್ಕ ಹಾಕೋಣ. ಮಡಕೆಯ ತಳ 8 ಮಿ.ಮೀ. ದಪ್ಪ, ಉರಿ ತಾಗುವ ಜಾಗ 20 ಸೆಂ.ಮೀ. ಅಗಲ ಎಂದಿಟ್ಟುಕೊಳ್ಳಿ. ಸಣ್ಣ ಬರ್ನರಿನ ಹದವಾದ ಉರಿಯಿಂದ ಸುಮಾರು 500 ವಾಟ್‌ನಷ್ಟು ಶಾಖ ಆ ತಳದ ಮೂಲಕ ಒಳಗೆ ಹೋಗುತ್ತಿದೆ. ಒಳಗೆ ಸಾರು ಕುದಿಯುತ್ತಿದ್ದರೆ ಒಳಮೈ ನೂರು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಷ್ಟು ಶಾಖ ಆ ದಪ್ಪವನ್ನು ದಾಟಬೇಕೆಂದರೆ ಹೊರಮೈ ಅದಕ್ಕಿಂತ 130ರಿಂದ 160 ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿರಲೇಬೇಕು. ಅಷ್ಟೇ ಉರಿಯ ಮೇಲೆ 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಾತ್ರೆ ಇಟ್ಟರೆ ಈ ವ್ಯತ್ಯಾಸ ಕಾಲು ಡಿಗ್ರಿಯೂ ಇರುವುದಿಲ್ಲ.

ಈ ಲೆಕ್ಕದಿಂದ ಎರಡು ವಿಷಯ ತಿಳಿಯುತ್ತದೆ. ಉರಿ ಎರಡು ಪಟ್ಟಾದರೆ ಈ ವ್ಯತ್ಯಾಸವೂ ಎರಡು ಪಟ್ಟಾಗುತ್ತದೆ. ಸಣ್ಣ ಉರಿ ಎಂಬ ಸಲಹೆಯ ಹಿಂದಿರುವ ಲೆಕ್ಕ ಇಷ್ಟೇ. ಎರಡನೆಯದು, ಗೋಡೆ ದಪ್ಪವಾದಷ್ಟೂ ವ್ಯತ್ಯಾಸ ಹೆಚ್ಚುತ್ತದೆ. ದಪ್ಪ ಮಡಕೆ ಕೈತಪ್ಪಿ ತಾಗಿದರೆ ತಡೆದೀತು, ಬೆಂಕಿಯ ಮೇಲೆ ಮಾತ್ರ ತೆಳು ಮಡಕೆಯೇ ಮೇಲು. ಒಳ್ಳೆಯ ಅಡುಗೆ ಮಡಕೆಗಳು ತೆಳ್ಳಗೆ, ಎಲ್ಲ ಕಡೆ ಒಂದೇ ದಪ್ಪವಾಗಿ, ದುಂಡು ತಳದವಾಗಿ ಇರುವುದು ಬರೀ ಅಂದಕ್ಕಲ್ಲ. ಚಪ್ಪಟೆ ತಳವಿದ್ದರೆ ಅದು ಗೋಡೆಗೆ ಸೇರುವ ಮೂಲೆಯಲ್ಲಿ ಎಳೆತ ಒಟ್ಟುಗೂಡುತ್ತದೆ. ಗ್ಯಾಸ್ ಒಲೆಗೆಂದು ಈಗ ಬರುತ್ತಿರುವ ಚಪ್ಪಟೆ ತಳದ ಪಾತ್ರೆಗಳನ್ನು ಕೊಳ್ಳುವಾಗ ಆ ಮೂಲೆ ಚೂಪಾಗಿರದೆ ಬಾಗಿ ಬಂದಿದೆಯೇ ಎಂದು ಒಳಗೆ ಬೆರಳಾಡಿಸಿ ನೋಡುವುದು ಒಳ್ಳೆಯದು.

ಅಡುಗೆ ಮಡಕೆಯ ಮಣ್ಣಿಗೆ ಮರಳು ಬೆರೆಸುವುದೂ ಹೀಗೆಯೇ. ಸೀಳು ಹುಟ್ಟಿದರೂ ಅದು ಮುಂದಕ್ಕೆ ಓಡುವಾಗ ಮರಳಿನ ಕಾಳಿಗೆ ತಾಗಿ ಅಲ್ಲೇ ನಿಲ್ಲುತ್ತದೆ. ನುಣುಪಾದ ಮಡಕೆಯಲ್ಲಿ ಅದಕ್ಕೆ ತಡೆಯಿಲ್ಲ. ಹೊಳಪು ಬಣ್ಣ ಬಳಿದ, ಅಲಂಕಾರಕ್ಕೆಂದೇ ಮಾಡಿದ ಮಡಕೆಗಳನ್ನು ಅಡುಗೆಗೆ ತರುವುದು ಬೇಡ. ಒಡೆಯುವ ಭಯ ಒಂದು ಕಡೆ, ಕೆಲವು ಹೊಳಪು ಲೇಪಗಳಲ್ಲಿ ಸೀಸ ಇದ್ದು ಹುಣಸೆ, ಟೊಮೆಟೊದಂಥ ಹುಳಿಗೆ ಅದು ಬಿಟ್ಟುಕೊಳ್ಳುವ ಭಯ ಇನ್ನೊಂದು ಕಡೆ.

ಪಳಗಿಸುವುದರಿಂದ ಮಡಕೆ ಗಟ್ಟಿಯಾಗುತ್ತದೆಯೇ?

ಹೊಸ ಮಡಕೆಯನ್ನು ಮೊದಲು ನೀರಿನಲ್ಲಿ ನೆನೆಸಿ, ಆಮೇಲೆ ಅಕ್ಕಿ ತೊಳೆದ ನೀರನ್ನೋ ಗಂಜಿಯನ್ನೋ ಅದರಲ್ಲಿ ಕುದಿಸಿ ಪಳಗಿಸುವುದು ವಾಡಿಕೆ. ಇದರಿಂದ ಮಣ್ಣು ಗಟ್ಟಿಯಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಆವಿಗೆಯಿಂದ ಬಂದ ಮಣ್ಣನ್ನು ನೂರು ಡಿಗ್ರಿಯ ಗಂಜಿ ಇನ್ನಷ್ಟು ಗಟ್ಟಿ ಮಾಡಲಾರದು. ಅದರ ಕೆಲಸ ರಂಧ್ರ ಮುಚ್ಚುವುದು.

ಸುಟ್ಟ ಮಣ್ಣಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳಿವೆ. ಬೇಸಿಗೆಯಲ್ಲಿ ಹೂಜಿಯ ನೀರು ತಣ್ಣಗಾಗುವುದು ಆ ರಂಧ್ರಗಳಿಂದ ನೀರು ಹೊರಗೆ ಒಸರಿ ಆರುವುದರಿಂದ. ಕುಡಿಯುವ ನೀರಿಗೆ ಹಿತವಾದ ಈ ಗುಣ ಅಡುಗೆಗೆ ತೊಡಕು. ಒಲೆಯ ಮೇಲೆ ಒಸರುವ ಮಡಕೆ, ಬೆಂಕಿ ಕೊಟ್ಟ ಶಾಖವನ್ನು ಹೊರಮೈಯಲ್ಲಿ ನೀರು ಆರಿಸುವುದಕ್ಕೇ ಕಳೆಯುತ್ತದೆ. ಅಮೆರಿಕದ ಪುರಾತತ್ವಜ್ಞ ಮೈಕೆಲ್ ಶಿಫರ್ ಪ್ರಯೋಗಕ್ಕೆಂದೇ ಮಡಕೆಗಳನ್ನು ಮಾಡಿಸಿ ಇದನ್ನು ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದರು. ನೀರು ಒಸರದಂತೆ ಮಾಡಿದ ಮಡಕೆಗಳು ಚೆನ್ನಾಗಿ ಬಿಸಿಯಾದವು, ಒಸರುವ ಮಡಕೆಗಳು ಹಿಂದೆ ಬಿದ್ದವು. ಒಸರುವ ಮಡಕೆಯಲ್ಲಿ ಕುದಿ ಬರದಿದ್ದಾಗ ನಾವು ಮಾಡುವುದೇನು? ಉರಿ ಜೋರು ಮಾಡುತ್ತೇವೆ. ಸೀಳುವುದು ಆಗ. ಪಳಗಿಸಿದ ಮಡಕೆ ಕಡಿಮೆ ಸೀಳುತ್ತದೆ ಎನ್ನುವುದು ಸುಳ್ಳಲ್ಲ, ಆದರೆ ಅದು ಸುತ್ತು ದಾರಿಯಲ್ಲಿ ಬರುವ ಲಾಭ.

ನಾವು ಈಗ ಮಾಡುವ ಕ್ರಮ ಹೀಗಿದೆ. ಕೊಳ್ಳುವಾಗಲೇ ಮಡಕೆಯನ್ನು ಅಂಗೈ ಮೇಲೆ ಇಟ್ಟು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತೇವೆ. ‘ಟಣ್’ ಎಂದರೆ ಸರಿ, ‘ಟೊಪ್’ ಎಂದು ಸತ್ತ ಸದ್ದು ಬಂದರೆ ಎಲ್ಲೋ ಸೀಳಿದೆ. ಮನೆಗೆ ತಂದ ಮೇಲೆ ಒಂದು ದಿನ ನೀರಿನಲ್ಲಿ ಮುಳುಗಿಸಿಡುತ್ತೇವೆ. ಮೊದಲು ಗುಳುಗುಳು ಎಂದು ಗಾಳಿಗುಳ್ಳೆ ಬರುತ್ತವೆ, ರಂಧ್ರಗಳಲ್ಲಿನ ಧೂಳು, ಬೂದಿ ಸಡಿಲವಾಗುತ್ತದೆ. ಇದರಿಂದ ಇನ್ನೊಂದು ಪರೀಕ್ಷೆಯೂ ಆಗುತ್ತದೆ. ಮಣ್ಣಿನಲ್ಲಿ ಸುಣ್ಣಕಲ್ಲಿನ ಚೂರು ಉಳಿದಿದ್ದರೆ ಆವಿಗೆಯ ಬಿಸಿಗೆ ಅದು ಸುಟ್ಟ ಸುಣ್ಣವಾಗಿರುತ್ತದೆ. ನೀರು ಕುಡಿದಾಗ ಅದು ಉಬ್ಬಿ ಮೇಲಿನ ಮಣ್ಣಿನ ಚಕ್ಕೆಯನ್ನು ಎಬ್ಬಿಸುತ್ತದೆ. ಎದ್ದ ಗುಳಿಯ ನಡುವೆ ಬಿಳಿ ಚುಕ್ಕೆ ಕಂಡರೆ ಇದೇ. ಅಂಥದ್ದು ಒಂದೆರಡಿದ್ದರೆ ಪರವಾಗಿಲ್ಲ, ಮೈತುಂಬ ಇದ್ದರೆ ಆ ಮಡಕೆ ಅಡುಗೆಗೆ ಬೇಡ.

ನೆನೆಸಿದ ಮಡಕೆಯನ್ನು ಹಾಗೆಯೇ ಒಲೆಗೆ ಇಡಬಾರದು. ನಾವು ಎಡವಿದ ಇನ್ನೊಂದು ಕಡೆ ಇದು. ರಂಧ್ರಗಳಲ್ಲಿ ತುಂಬಿದ ನೀರು ಹಬೆಯಾದಾಗ ಅದಕ್ಕೆ ಸುಮಾರು 1,600 ಪಟ್ಟು ಹೆಚ್ಚು ಜಾಗ ಬೇಕು. ನಿಧಾನವಾಗಿ ಕಾದರೆ ಹಬೆ ರಂಧ್ರಗಳಿಂದಲೇ ಹೊರಗೆ ನುಸುಳಿಕೊಳ್ಳುತ್ತದೆ. ಒಮ್ಮೆಲೇ ಕಾದರೆ ನುಸುಳಲು ಪುರುಸೊತ್ತು ಸಿಗದೆ ಹೊರಮೈಯ ಚಕ್ಕೆಯನ್ನೇ ಕಿತ್ತುಕೊಂಡು ಬರುತ್ತದೆ. ಆದ್ದರಿಂದ ಒಂದು ದಿನ ನೆರಳಿನಲ್ಲಿ, ಆಮೇಲೆ ಒಂದು ದಿನ ಎಳೆಬಿಸಿಲಿನಲ್ಲಿ ಒಣಗಿಸಿ, ಮುಕ್ಕಾಲು ಭಾಗ ತೆಳು ಗಂಜಿ ತುಂಬಿ, ಮುಚ್ಚಿ, ತೀರ ಸಣ್ಣ ಉರಿಯಲ್ಲಿ ಇಡಬೇಕು. ಅರ್ಧ ಗಂಟೆಯಾದರೂ ಬೇಕು ಕುದಿ ಬರಲು, ಬರಲಿ. ಅಕ್ಕಿಯ ಗಂಜಿಯಲ್ಲಿನ ಪಿಷ್ಟ 60ರಿಂದ 80 ಡಿಗ್ರಿಯಲ್ಲಿ ಉಬ್ಬಿ ಅಂಟಾಗುತ್ತದೆ, ರಂಧ್ರಗಳಿಗೆ ಇಳಿಯುತ್ತದೆ, ಒಣಗಿದಾಗ ಅಲ್ಲೇ ಪೊರೆಯಾಗಿ ಕೂರುತ್ತದೆ. ಹತ್ತು ನಿಮಿಷ ಕುದಿಸಿ, ಒಲೆ ಆರಿಸಿ, ಗಂಜಿ ಪೂರ್ತಿ ತಣಿಯುವವರೆಗೆ ಅಲ್ಲೇ ಬಿಡಬೇಕು. ಮೊದಲ ದಿನ ಹೊರಮೈ ತೇವವಾಗಿ ಬೆವರಿದಂತೆ ಕಾಣುತ್ತದೆ. ಮರುದಿನ ಮತ್ತೆ ಮಾಡಿದಾಗ ಬೆವರು ಕಡಿಮೆ. ಮೂರನೆಯ ಸಲಕ್ಕೆ ಹೊರಮೈ ಒಣಗಿಯೇ ಉಳಿದರೆ ಪಳಗಿದೆ ಎಂದು ತಿಳಿಯಬಹುದು. ಎಷ್ಟು ದಿನ ಮಾಡಬೇಕು ಎಂಬ ಪ್ರಶ್ನೆಗೆ ಮಡಕೆಯ ಹೊರಮೈಯೇ ಉತ್ತರ ಕೊಡುತ್ತದೆ.

ಒಂದು ಮೀನುಸಾರು, ಮೊದಲಿಂದ ಕೊನೆಯವರೆಗೆ

ಕರಾವಳಿಯ ಮನೆಗಳಲ್ಲಿ ಮಣ್ಣಿನ ಪಾತ್ರೆ ಇಂದಿಗೂ ಹೆಚ್ಚು ಬಳಕೆಯಾಗುವುದು ಮೀನುಸಾರಿಗೆ. ಆರು ಬಂಗುಡೆಯ ಸಾರನ್ನು ಎರಡು ಲೀಟರಿನ ಪಾತ್ರೆಯಲ್ಲಿ ಗ್ಯಾಸ್ ಒಲೆಯ ಮೇಲೆ ಮಾಡುವುದನ್ನೇ ನೋಡೋಣ. ಬ್ಯಾಡಗಿ ಮೆಣಸು, ಕೊತ್ತಂಬರಿ, ತೆಂಗಿನಕಾಯಿ, ಹುಣಸೆ ರುಬ್ಬಿದ ಮಸಾಲೆಗೆ ನೀರು ಸೇರಿಸಿ ಒಂದು ಲೀಟರಿಗೆ ಸ್ವಲ್ಪ ಹೆಚ್ಚೇ ಮಾಡಿಕೊಳ್ಳಿ. ಒಲೆ ಹೊತ್ತಿಸುವ ಮೊದಲೇ ಅದು ಪಾತ್ರೆಯೊಳಗೆ ಇರಬೇಕು. ಫ್ರಿಜ್ಜಿನಿಂದ ತೆಗೆದ ಮಸಾಲೆಯಾದರೆ ಕೋಣೆಯ ಬಿಸಿಗೆ ಬರುವವರೆಗೆ ಕಾಯಿರಿ. ಪಾತ್ರೆಯ ಹೊರಮೈಯಲ್ಲಿ ನೀರಿನ ಹನಿ ಇದ್ದರೆ ಒರೆಸಿ.

ಸಣ್ಣ ಬರ್ನರನ್ನೇ ಹೊತ್ತಿಸಿ, ಕನಿಷ್ಠ ಉರಿಯಲ್ಲಿಟ್ಟು ಮುಚ್ಚಳ ಮುಚ್ಚಿ. ನೀಲಿ ನಾಲಗೆಯ ತುದಿ ತಳವನ್ನು ಮುಟ್ಟಿದರೆ ಸಾಕು, ತಳ ದಾಟಿ ಬದಿಗೆ ಬರಬಾರದು. ಕೈಯಲ್ಲಿ ಹಳೆಯ ಕಬ್ಬಿಣದ ದೋಸೆ ಹಂಚಿದ್ದರೆ ಅದನ್ನು ಕೆಳಗಿಟ್ಟು ಅದರ ಮೇಲೆ ಪಾತ್ರೆ ಕೂರಿಸಬಹುದು. ಹಂಚು ಉರಿಯ ಬಳೆಯನ್ನು ಹರಡಿ ಹದವಾಗಿಸುತ್ತದೆ, ಆದರೆ ದುಂಡು ತಳದ ಪಾತ್ರೆ ಅದರ ಮೇಲೆ ಆಡದಂತೆ ಕೂರಬೇಕು. ಇನ್ನು ಇಂಡಕ್ಷನ್ ಒಲೆ ಇದಕ್ಕೆ ಆಗುವುದೇ ಇಲ್ಲ, ಅದು ಬಿಸಿ ಮಾಡುವುದು ಲೋಹವನ್ನು.

ಎಷ್ಟು ಹೊತ್ತು ಸಣ್ಣ ಉರಿ ಎಂದು ಗಡಿಯಾರ ನೋಡುವುದಕ್ಕಿಂತ ಬಾಯಿಯ ಅಂಚನ್ನು ಮುಟ್ಟಿ ನೋಡುವುದು ಮೇಲು. ಏಳೆಂಟು ನಿಮಿಷಕ್ಕೆ ಅಂಚು ಬೆಚ್ಚಗಾಗುತ್ತದೆ. ಅದರ ಮೇಲೆ ಬೆರಳು ಇಟ್ಟುಕೊಂಡಿರಲು ಆಗದಷ್ಟು ಬಿಸಿಯಾದ ಮೇಲೆ ಉರಿಯನ್ನು ಮಧ್ಯಮಕ್ಕೆ ತರಬಹುದು. ನಮ್ಮ ಅಡುಗೆಮನೆಯಲ್ಲಿ ಒಟ್ಟು ಇಪ್ಪತ್ತು ನಿಮಿಷಕ್ಕೆ ಮಸಾಲೆ ಕುದಿಯುತ್ತದೆ. ಜೋರು ಉರಿ ಕೊನೆಯವರೆಗೂ ಬೇಕಾಗುವುದಿಲ್ಲ.

ಮಸಾಲೆಯ ಹಸಿವಾಸನೆ ಹೋದ ಮೇಲೆ ಮೀನು ಇಳಿಸಿ. ಸಾರು ಗಟ್ಟಿಯೆನಿಸಿ ನೀರು ಬೆರೆಸಬೇಕಾದರೆ ಬಿಸಿ ನೀರನ್ನೇ ಬೆರೆಸಿ. ತಣ್ಣೀರು ಬಿದ್ದ ಕಡೆ ಒಳಮೈ ಥಟ್ಟನೆ ಕುಗ್ಗುತ್ತದೆ, ಹೊರಮೈ ಹಿಗ್ಗಿಯೇ ಇರುತ್ತದೆ. ಕುಗ್ಗುವ ಮೈಗೆ ಎಳೆತ ಬೀಳುತ್ತದೆ. ಹೀಗಾಗಿ ಥಟ್ಟನೆ ಕಾಯಿಸುವುದಕ್ಕಿಂತಲೂ ಥಟ್ಟನೆ ತಣಿಸುವುದು ಮಣ್ಣಿಗೆ ಹೆಚ್ಚು ಅಪಾಯ. ಒಗ್ಗರಣೆಯನ್ನು ಬೇರೆ ಸೌಟಿನಲ್ಲಿ ಮಾಡಿ ಸುರಿಯಿರಿ. ಪಾತ್ರೆಯಲ್ಲೇ ಎಣ್ಣೆ ಕಾಯಿಸಿದರೆ ಒಳಮೈ ನೂರು ಡಿಗ್ರಿಯಲ್ಲಿ ನಿಲ್ಲದೆ ಮೇಲೇರುತ್ತದೆ, ಅದರ ಮೇಲೆ ಮಸಾಲೆಯ ನೀರು ಸುರಿದಾಗ ಮತ್ತೆ ಅದೇ ಕಥೆ.

ಮೀನು ಮುಕ್ಕಾಲು ಬೆಂದಾಗಲೇ ಒಲೆ ಆರಿಸಬೇಕು. ನಮ್ಮ ಲೆಕ್ಕದ ಆ ನೂರು ನೂರೈವತ್ತು ಡಿಗ್ರಿ ಹೆಚ್ಚಿನ ಬಿಸಿ ತಳದ ಮಣ್ಣಿನಲ್ಲಿ ಇನ್ನೂ ಉಳಿದಿರುತ್ತದೆ, ಅದು ಒಳಗೆ ಇಳಿಯುತ್ತಾ ಸಾರನ್ನು ಇನ್ನೂ ಒಂದೆರಡು ನಿಮಿಷ ಕುದಿಸುತ್ತದೆ. ಮಣ್ಣಿನ ಪಾತ್ರೆಯ ಸಾರು ಊಟಕ್ಕೆ ಕೂರುವವರೆಗೂ ಬಿಸಿಯಾಗಿರುವುದಕ್ಕೆ ಇದೂ ಒಂದು ಕಾರಣ. ಮಣ್ಣು ಕ್ಷಾರೀಯ, ಹಾಗಾಗಿ ಸಾರಿನ ಹುಳಿಯನ್ನು ಅದು ಹೀರಿ ಆರೋಗ್ಯಕರ ಮಾಡುತ್ತದೆ ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತದಲ್ಲ, ಅದನ್ನು ಹುಣಸೆ ಹಾಕಿದ ಈ ಸಾರಿನ ಒಂದು ತೊಟ್ಟನ್ನು ನಾಲಗೆಗೆ ಇಟ್ಟು ಪರೀಕ್ಷಿಸಿ. ಹುಳಿ ಎಲ್ಲೂ ಹೋಗಿರುವುದಿಲ್ಲ.

ಇಳಿಸಿದ ಪಾತ್ರೆಯನ್ನು ನೇರ ಗ್ರಾನೈಟ್ ಕಟ್ಟೆಯ ಮೇಲೆ ಇಡಬೇಡಿ, ಕಟ್ಟೆ ಒದ್ದೆಯಿದ್ದರಂತೂ ಇಡಲೇಬೇಡಿ. ಒಣ ಬಟ್ಟೆಯದೋ ನಾರಿನದೋ ಸಿಂಬೆಯ ಮೇಲೆ ಇಡಿ. ಪೂರ್ತಿ ತಣಿದ ಮೇಲೆಯೇ ತೊಳೆಯಿರಿ. ಸೋಪು ಬೇಡ, ಅದು ರಂಧ್ರಗಳಿಗೆ ಇಳಿದು ಮುಂದಿನ ಸಾರಿನಲ್ಲಿ ಮೂಗಿಗೆ ಬಡಿಯುತ್ತದೆ. ಕಡಲೆಹಿಟ್ಟು ಅಥವಾ ಸೀಗೆಪುಡಿ, ತೆಂಗಿನ ನಾರು, ಬಿಸಿ ನೀರು ಸಾಕು. ತೊಳೆದ ಮೇಲೆ ಒಣಗಿಸುವುದನ್ನು ಮಳೆಗಾಲದಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ, ಬೂಸ್ಟು ಹಿಡಿಯುವುದೂ ಆಗಲೇ. ಒಂದು ವಾರ ಬಳಸದೆ ಇಟ್ಟಿದ್ದ ಮಡಕೆಯನ್ನು ಮಳೆಗಾಲದಲ್ಲಿ ತೆಗೆದರೆ, ಪಳಗಿಸುವ ದಿನದಷ್ಟೇ ಸಣ್ಣ ಉರಿಯಿಂದ ಶುರು ಮಾಡಬೇಕು.

ಸೀಳು ನೋಡಿ ಕಾರಣ ಹೇಳುವುದು

ಇಷ್ಟಾದರೂ ಒಂದಲ್ಲ ಒಂದು ದಿನ ಮಡಕೆ ಸೀಳುತ್ತದೆ. ಆಗ ಬಿಸಾಡುವ ಮೊದಲು ಸೀಳು ಎಲ್ಲಿದೆ ನೋಡಿ. ಅಂಚಿನಿಂದ ಕೆಳಕ್ಕೆ ನೇರ ಇಳಿದಿದ್ದರೆ ತಳ ಬೇಗ ಕಾದು ಅಂಚು ಹಿಂದುಳಿದಿದೆ: ಉರಿ ಜೋರಾಗಿತ್ತು ಅಥವಾ ಒಳಗೆ ನೀರು ಕಡಿಮೆ ಇತ್ತು. ತಳದ ಒಳಮೈಯಲ್ಲಿ ನಕ್ಷತ್ರದಂತೆ ನಾಲ್ಕಾರು ಕಡೆಗೆ ಹರಡಿದ್ದರೆ ಕಾದ ಮಡಕೆಗೆ ತಣ್ಣೀರು ಬಿದ್ದಿರಬಹುದು. ಹೊರಮೈಯಿಂದ ಚಕ್ಕೆ ಎದ್ದು, ಗುಳಿಯಲ್ಲಿ ಬಿಳಿ ಚುಕ್ಕೆ ಇಲ್ಲದಿದ್ದರೆ ಒದ್ದೆ ಮಡಕೆಯನ್ನು ಬೆಂಕಿಗೆ ಇಟ್ಟಿದ್ದೀರಿ. ಇವೆಲ್ಲ ನೂರಕ್ಕೆ ನೂರು ಖಚಿತವಲ್ಲ, ಬೀಳಿಸಿದ ಪೆಟ್ಟು, ಮಣ್ಣಿನ ದೋಷ ಕೂಡ ಹೀಗೆಯೇ ಕಾಣಿಸಬಹುದು. ಆದರೂ ಮುಂದಿನ ಮಡಕೆಗೆ ಎಲ್ಲಿ ಎಚ್ಚರ ವಹಿಸಬೇಕೆಂದು ಇದರಿಂದ ಸುಳಿವು ಸಿಗುತ್ತದೆ.

ಎಲ್ಲ ಗೆರೆಯೂ ಕೊನೆಯಲ್ಲ. ಒಳಮೈಯಲ್ಲಿ ಮಾತ್ರ ಇರುವ, ಉಗುರಿಗೆ ತಾಗದಷ್ಟು ತೆಳುವಾದ ಗೆರೆಯಿದ್ದರೆ ಗಟ್ಟಿ ರಾಗಿಗಂಜಿಯನ್ನು ಸಣ್ಣ ಉರಿಯಲ್ಲಿ ಕುದಿಸಿ, ಅದರಲ್ಲೇ ತಣಿಯಲು ಬಿಡಿ. ಪಿಷ್ಟ ಗೆರೆಯೊಳಗೆ ಕೂತು ಒಸರುವುದು ನಿಂತರೆ ಆ ಮಡಕೆ ಇನ್ನೂ ಕೆಲವು ತಿಂಗಳು ಬರುತ್ತದೆ. ಎರಡು ಸಲ ಹೀಗೆ ಮಾಡಿದ ಮೇಲೂ ಒಸರಿದರೆ, ಅಥವಾ ತಟ್ಟಿದಾಗ ಸತ್ತ ಸದ್ದು ಬಂದರೆ, ಗೆರೆ ಗೋಡೆಯನ್ನು ದಾಟಿದೆ. ಸಿಮೆಂಟು, ಎಂ-ಸೀಲ್ ಹಚ್ಚಿ ಅದರಲ್ಲಿ ಮತ್ತೆ ಅಡುಗೆ ಮಾಡುವುದು ಬೇಡ. ಅವು ಊಟದ ಜೊತೆ ಬೆರೆಯುವ ವಸ್ತುಗಳಲ್ಲ. ತುಂಬಿದ ಬಿಸಿ ಸಾರಿನೊಂದಿಗೆ ಪಾತ್ರೆ ಎರಡಾದರೆ ಸುಡುವುದು ಕೈಕಾಲು. ನಮ್ಮ ಮೊದಲ ಗಡಿಗೆ ಈಗ ಹಿತ್ತಲಿನಲ್ಲಿದೆ. ಅದರಲ್ಲಿ ಒಂದೆಲಗ ಬೆಳೆಯುತ್ತಿದೆ, ಒಸರುವ ನೀರಿನಿಂದ ಬೇಸಿಗೆಯಲ್ಲೂ ಬುಡ ತಂಪಾಗಿರುತ್ತದೆ.